ಟಿ.ವಿ. ಬಂತು, ಅಕ್ಷರ ಬಂತೇ?
ದಾನವಾಗಿ ಬಂದ ಟಿ.ವಿ.ಯನ್ನು ಹಳ್ಳಿಯ ಗ್ರಂಥಾಲಯದಲ್ಲಿ ಕಂಪ್ಯೂಟರಿನ ಪರದೆಯಾಗಿಸುವ ಬಗೆ

ಹಲಸೂರಿನಿಂದ ಹೊರಟು, ಇಂದಿರಾನಗರದ ಮಗ್ಗುಲಲ್ಲಿ ಹಾದು, ಕೆ.ಆರ್. ಪುರ ದಾಟಿ ಹೊಸಕೋಟೆಯತ್ತ ಸಾಗುವ ಹಳೇ ಮದರಾಸು ರಸ್ತೆ ನಿಮಗೆ ಗೊತ್ತಿರುತ್ತದೆ. ಈ ರಸ್ತೆಯ ನಗರದ ತುದಿಯಲ್ಲಿ, ಚೆನ್ನಾಗಿ ನಡೆಯುತ್ತಿರುವ ಟಿ.ವಿ.ಯನ್ನು ಬದಿಗಿಟ್ಟು ಹೊಸದನ್ನು ತರುವ ಮನೆಗಳಿವೆ. ಇನ್ನೊಂದು ತುದಿಯಲ್ಲಿ, ಬೆಂಗಳೂರು ಪೂರ್ವ ತಾಲ್ಲೂಕಿನ ಬಿದರಹಳ್ಳಿ ಹೋಬಳಿಯ ಹಳ್ಳಿಗಳಿವೆ. 2019ರಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಈಗ ಅವುಗಳ ಹೆಸರು 'ಅರಿವು ಕೇಂದ್ರ'. ಪುಸ್ತಕ, ಪತ್ರಿಕೆಗಳ ಜೊತೆಗೆ ಅಲ್ಲಿ ಕಂಪ್ಯೂಟರ್ ಕೂಡ ಬರುತ್ತಿದೆ. ಒಂದು ಪುಟ್ಟ ಮಾನಿಟರಿನ ಮುಂದೆ ಹತ್ತು ಮಕ್ಕಳು ಕತ್ತು ಚಾಚುವುದನ್ನು ಕಂಡವರಿಗೆ, ಮನೆಯಲ್ಲಿ ಸುಮ್ಮನಿರುವ ಟಿ.ವಿ. ನೆನಪಾಗುವುದು ಸಹಜವೇ.

ನೀವೋ ನಿಮ್ಮ ಮನೆಯ ಮಗನೋ ಮಗಳೋ ಆ ಟಿ.ವಿ.ಯನ್ನು ಒಯ್ದು ಜೋಡಿಸಿಕೊಡಲು ಮುಂದಾದರೆ ಈ ಲೇಖನ ನಿಮ್ಮ ಕೈಯಲ್ಲಿರಲಿ. ತಂತಿ ಚುಚ್ಚಿದ ಕೂಡಲೇ ಪರದೆಯ ಮೇಲೆ ಚಿತ್ರ ಮೂಡುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕೆಲಸ ಮುಗಿಯಿತೆಂದು ಸ್ವಯಂಸೇವಕರು ಊರಿಗೆ ಮರಳುತ್ತಾರೆ. ನಿಜವಾಗಿ ಅರ್ಧ ಕೆಲಸ ಉಳಿದಿರುವುದು ಅಲ್ಲೇ. ಟಿ.ವಿ.ಯನ್ನು ಮಾಡಿರುವುದು ಚಲಿಸುವ ಚಿತ್ರ ನೋಡುವುದಕ್ಕೆ. ಗ್ರಂಥಾಲಯಕ್ಕೆ ಬೇಕಾದದ್ದು ನಿಂತ ಅಕ್ಷರ ಓದುವುದಕ್ಕೆ. ಈ ಎರಡರ ನಡುವಿನ ಅಂತರವನ್ನು ತುಂಬದೆ ಹೋದರೆ ಮಕ್ಕಳು ಅದರಲ್ಲಿ ವಿಡಿಯೋ ನೋಡುತ್ತಾರೆ, ಓದುವುದಿಲ್ಲ.

ಅದರಲ್ಲೂ ನಮ್ಮ ಕನ್ನಡ ಅಕ್ಷರಗಳಿಗೆ ಮಸುಕು ಬಲು ಬೇಗ ಅಪಾಯ ತರುತ್ತದೆ. 'ಹಳ್ಳಿ' ಮತ್ತು 'ಹಲ್ಲಿ' ಎಂಬ ಪದಗಳನ್ನೇ ನೋಡಿ. 'ದನ' ಮತ್ತು 'ಧನ' ಎಂಬವನ್ನೂ ನೋಡಿ. ಹೊಟ್ಟೆ ಸೀಳಿದ ಒಂದು ಸಣ್ಣ ಗೆರೆ ಕಾಣದಿದ್ದರೆ ಸರಕಾರದ ಪ್ರೋತ್ಸಾಹಧನ ದನವಾಗಿಬಿಡುತ್ತದೆ! ಒತ್ತಕ್ಷರ ಅಳಿದರೆ ಕತ್ತೆ ಕತೆಯಾಗುತ್ತದೆ. ಆದ್ದರಿಂದ ಈ ನಾಲ್ಕಾರು ಪದಗಳೇ ನಮ್ಮ ಪರೀಕ್ಷೆಯ ಅಳತೆಗೋಲು ಆಗಲಿ.

ತೆಗೆದುಕೊಳ್ಳುವ ಮೊದಲು

ಕೊಡುವವರ ಮನೆಯಲ್ಲೇ ಟಿ.ವಿ.ಯನ್ನು ಒಂದು ಗಂಟೆ ಹಾಕಿಟ್ಟು ನೋಡಿ. ಕೆಲವು ಪರದೆಗಳಲ್ಲಿ ಬಿಸಿಯಾದ ಮೇಲಷ್ಟೇ ಉದ್ದುದ್ದ ಗೆರೆಗಳು ಬರುತ್ತವೆ, ಇಲ್ಲವೇ ಬೆಳಕು ಆರುತ್ತದೆ. ನಂತರ ಹಿಂಬದಿಯಲ್ಲಿ ಯಾವ ಯಾವ ಕಿಂಡಿಗಳಿವೆ ಎಂದು ನೋಡಿ. ಚಪ್ಪಟೆಯಾದ, ಅಂಚು ಕತ್ತರಿಸಿದಂತಿರುವ HDMI ಕಿಂಡಿ ಒಂದಾದರೂ ಇರಬೇಕು. ಅದರ ಜೊತೆಗೆ ಮೂರು ಸಾಲಿನಲ್ಲಿ 15 ತೂತುಗಳಿರುವ VGA ಕಿಂಡಿಯೂ ಇದ್ದರೆ ಒಳ್ಳೆಯದು. ಅದು ಏಕೆಂದು ಮುಂದೆ ಹೇಳುತ್ತೇನೆ.

ಹಳದಿ, ಬಿಳಿ, ಕೆಂಪು ಬಣ್ಣದ ಮೂರು ದುಂಡು ಕಿಂಡಿಗಳು ಮಾತ್ರ ಇರುವ ಡಬ್ಬದಂಥ ಹಳೆಯ ಟಿ.ವಿ.ಯನ್ನು ಈ ಕೆಲಸಕ್ಕೆ ತೆಗೆದುಕೊಳ್ಳಬೇಡಿ. HDMIಯಿಂದ ಈ ದುಂಡು ಕಿಂಡಿಗೆ ಬದಲಾಯಿಸುವ ಸಣ್ಣ ಪೆಟ್ಟಿಗೆ ಅಂಗಡಿಗಳಲ್ಲಿ ಸಿಗುವುದು ನಿಜ. ಆದರೆ ಅದರ ಮೂಲಕ ಸಾಗುವ ಚಿತ್ರದಲ್ಲಿ ಮೇಲಿಂದ ಕೆಳಗೆ 576 ಗೆರೆಗಳಷ್ಟೇ ಇರುತ್ತವೆ. ಚಲನಚಿತ್ರಕ್ಕೆ ಸಾಕು, ಅಕ್ಷರಕ್ಕೆ ಸಾಲದು.

ಇನ್ನೊಂದು ವಸ್ತುವನ್ನು ಮರೆಯದೆ ಕೇಳಿ ಪಡೆಯಿರಿ. ಅದು ರಿಮೋಟ್. ಕೆಳಗೆ ಹೇಳುವ ಬಹುತೇಕ ತಿದ್ದುಪಡಿಗಳನ್ನು ಟಿ.ವಿ.ಯ ಒಳಗಿನ ಮೆನುವಿನಲ್ಲೇ ಮಾಡಬೇಕು. ಅಲ್ಲಿಗೆ ಹೋಗಲು ರಿಮೋಟ್ ಬೇಕು. ಕಾಲುಗಳು, ಅವುಗಳ ಸ್ಕ್ರೂಗಳು ಸಹ ಮೂಲೆಯಲ್ಲೆಲ್ಲೋ ಉಳಿದುಬಿಡುತ್ತವೆ. ಟಿ.ವಿ.ಯ ಯೂಟ್ಯೂಬ್ ಈಗ ಓಡುತ್ತಿಲ್ಲ ಎಂದು ಕೊಡುವವರು ಸಂಕೋಚಪಟ್ಟರೆ ಚಿಂತೆಯಿಲ್ಲವೆನ್ನಿ. ಹಳೆಯ ಸ್ಮಾರ್ಟ್ ಟಿ.ವಿ.ಗಳ ಒಳಗಿನ ಆ್ಯಪ್‌ಗಳು ಕೆಲಸ ನಿಲ್ಲಿಸಿದರೂ ಪರದೆ ಚೆನ್ನಾಗಿಯೇ ಇರುತ್ತದೆ. ನಮಗೆ ಬೇಕಾದದ್ದು ಪರದೆ ಮಾತ್ರ. ಉಳಿದ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ.

ಆಟೋದಲ್ಲಿ ಒಯ್ಯುವಾಗ ಟಿ.ವಿ. ನಿಂತೇ ಇರಲಿ. ಮಲಗಿಸಿದರೆ ರಸ್ತೆಯ ಒಂದೇ ಕುಲುಕಾಟಕ್ಕೆ ಒಳಗಿನ ಗಾಜು ಬಿರುಕು ಬಿಡಬಹುದು. ತಲುಪಿದ ಮೇಲೆ ಗ್ರಂಥಾಲಯದ ಮೇಲ್ವಿಚಾರಕರ ಮೂಲಕ ಅದನ್ನು ದಾಸ್ತಾನು ಪುಸ್ತಕದಲ್ಲಿ ಬರೆಸಿ. ಆಗ ಅದು ಊರಿನ ಸೊತ್ತಾಗುತ್ತದೆ.

ತಂತಿಯ ಜೋಡಣೆ

ಮೊದಲು ಎರಡನ್ನೂ ಆರಿಸಿ. ಟಿ.ವಿ. ಮತ್ತು ಕಂಪ್ಯೂಟರನ್ನು ಒಂದೇ ಸ್ಪೈಕ್ ಬಸ್ಟರ್‌ಗೆ, ಅದನ್ನು ಅರ್ಥಿಂಗ್ ಸರಿಯಿರುವ ಮೂರು ಪಿನ್ನಿನ ಪ್ಲಗ್ಗಿಗೆ ಸೇರಿಸಿ. ಒಂದನ್ನು ಒಂದು ಗೋಡೆಗೆ, ಇನ್ನೊಂದನ್ನು ಎದುರು ಗೋಡೆಗೆ ಹಾಕಿದರೆ ಎರಡರ ಅರ್ಥಿಂಗ್ ನಡುವೆ ವ್ಯತ್ಯಾಸವಿರಬಹುದು. ಆ ವ್ಯತ್ಯಾಸ ನಡುವಿನ ತಂತಿಯಲ್ಲಿ ಹರಿದು HDMI ಕಿಂಡಿಯನ್ನೇ ಸುಟ್ಟುಬಿಡಬಲ್ಲದು. ಟಿ.ವಿ.ಯ ಹಿಂಬದಿಯ ಮುಚ್ಚಳವನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ವಿದ್ಯುತ್ ಉಳಿದಿರುತ್ತದೆ.

ಕಂಪ್ಯೂಟರಿನಲ್ಲೂ HDMI ಇದ್ದರೆ ಎರಡು-ಮೂರು ಮೀಟರಿನ ಸಾಧಾರಣ ತಂತಿ ಸಾಕು. ದುಬಾರಿ ತಂತಿಯಿಂದ ಅಕ್ಷರ ಹೆಚ್ಚು ಸ್ಪಷ್ಟವಾಗುವುದಿಲ್ಲ. ಆದರೆ ಕಚೇರಿಗಳಿಂದ ಬಂದ ಹಳೆಯ ಕಂಪ್ಯೂಟರುಗಳಲ್ಲಿ ಬಹಳಷ್ಟು ಬಾರಿ HDMI ಇರುವುದಿಲ್ಲ. ಬದಲಿಗೆ ಒಂದು ಮೂಲೆ ಮಾತ್ರ ಕತ್ತರಿಸಿದ DisplayPort ಇರುತ್ತದೆ. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಕೇಳುವಾಗ 'ಕಂಪ್ಯೂಟರಿನಲ್ಲಿ DisplayPort, ಟಿ.ವಿ.ಯಲ್ಲಿ HDMI' ಎಂದು ದಿಕ್ಕನ್ನು ಸೇರಿಸಿಯೇ ಹೇಳಿ. ಈ ಬದಲಿ ತಂತಿಗಳು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ. ತಿರುಗಾಮುರುಗಾ ತಂದರೆ ಪರದೆ ಕಪ್ಪಾಗಿಯೇ ಇರುತ್ತದೆ, ಟಿ.ವಿ. ಕೆಟ್ಟಿದೆಯೆಂದು ನೀವು ತಪ್ಪು ತಿಳಿಯುತ್ತೀರಿ.

ಎಲ್ಲವನ್ನೂ ಸೇರಿಸಿದ ಮೇಲೆ ಮೊದಲು ಟಿ.ವಿ. ಹಾಕಿ, ರಿಮೋಟಿನಿಂದ ಸರಿಯಾದ ಇನ್‌ಪುಟ್ ಆರಿಸಿ, ಆಮೇಲೆ ಕಂಪ್ಯೂಟರ್ ಹಾಕಿ.

ಅಂಚು ನುಂಗುವ ಟಿ.ವಿ.

ಈಗ ಪರದೆಯ ನಾಲ್ಕು ಮೂಲೆಗಳನ್ನು ನೋಡಿ. ಕೆಳಗಿನ ಪಟ್ಟಿ ಅರ್ಧ ಮಾತ್ರ ಕಾಣುತ್ತಿದೆಯೇ? ಬಲ ಮೇಲ್ತುದಿಯಲ್ಲಿ ಕಿಟಕಿ ಮುಚ್ಚುವ ಗುಣಾಕಾರದ ಗುರುತು ಮಾಯವಾಗಿದೆಯೇ? ಹಾಗಿದ್ದರೆ ಟಿ.ವಿ. ಚಿತ್ರದ ಅಂಚನ್ನು ನುಂಗುತ್ತಿದೆ.

ಇದು ಟಿ.ವಿ. ಕೆಟ್ಟಿದ್ದರಿಂದ ಆಗುವುದಲ್ಲ, ಹಳೆಯ ಅಭ್ಯಾಸದ ಫಲ. ಡಬ್ಬದಂಥ ಟಿ.ವಿ.ಗಳ ಕಾಲದಲ್ಲಿ ಚಿತ್ರದ ಅಂಚುಗಳು ನೇರವಾಗಿರುತ್ತಿರಲಿಲ್ಲ. ವಿದ್ಯುತ್ ಏರಿಳಿದಂತೆ ಚಿತ್ರವೂ ಹಿಗ್ಗಿ ಕುಗ್ಗುತ್ತಿತ್ತು. ಅದು ಕಾಣದಿರಲೆಂದು ಚಿತ್ರವನ್ನು ಚೌಕಟ್ಟಿಗಿಂತ ತುಸು ದೊಡ್ಡದಾಗಿ ಹರಡುತ್ತಿದ್ದರು. ಚಪ್ಪಟೆ ಟಿ.ವಿ.ಗಳು ಬಂದ ಮೇಲೆ ಆ ಅಗತ್ಯ ಹೋಯಿತು, ಅಭ್ಯಾಸ ಮಾತ್ರ ಉಳಿಯಿತು.

ಒಂದು ಲೆಕ್ಕ ಮಾಡೋಣ. ಕಂಪ್ಯೂಟರ್ 1920 ಅಗಲ, 1080 ಎತ್ತರದ ಚುಕ್ಕೆಗಳ ಚಿತ್ರ ಕಳಿಸುತ್ತಿದೆ, ಟಿ.ವಿ. ಅದರಲ್ಲಿ ನೂರಕ್ಕೆ 5 ಭಾಗವನ್ನು ನುಂಗುತ್ತಿದೆ ಎಂದಿಟ್ಟುಕೊಳ್ಳಿ. ಅಂದರೆ ಮೇಲೆ 27, ಕೆಳಗೆ 27 ಸಾಲುಗಳು, ಎಡಬಲದಲ್ಲಿ 48ರಂತೆ ಚುಕ್ಕೆಗಳು ಹೊರಗುಳಿಯುತ್ತವೆ. ವಿಂಡೋಸ್ 10ರ ಕೆಳಪಟ್ಟಿಯ ಎತ್ತರ 40 ಸಾಲು. ಅದರಲ್ಲಿ 27 ಹೋದರೆ ಉಳಿಯುವುದು 13! ವಿದ್ಯಾರ್ಥಿವೇತನದ ಅರ್ಜಿ ತುಂಬುವ ಹುಡುಗಿಗೆ ಪುಟದ ತುದಿಯಲ್ಲಿರುವ ಸೂಚನೆಯ ಸಾಲು ಕಾಣದೇ ಹೋಗುವುದು ಹೀಗೆ.

ಮದ್ದು ಟಿ.ವಿ.ಯ ಮೆನುವಿನಲ್ಲಿದೆ. ಚಿತ್ರದ ಗಾತ್ರ ಬದಲಾಯಿಸುವ ಜಾಗಕ್ಕೆ ಹೋಗಿ. ಎಲ್‌ಜಿ ಟಿ.ವಿ.ಯಾದರೆ Just Scan, ಸ್ಯಾಮ್‌ಸಂಗ್ ಆದರೆ Screen Fit, ಸೋನಿಯಾದರೆ Full Pixel ಎಂಬುದನ್ನು ಹುಡುಕಿ. ಬೇರೆ ಕಂಪನಿಗಳಲ್ಲಿ Dot by Dot, Unscaled ಎಂದಿರಬಹುದು, ಇಲ್ಲವೇ Overscan ಎಂಬುದನ್ನು Off ಮಾಡಬೇಕಾಗಬಹುದು. ಹೆಸರು ಯಾವುದಾದರೂ ಅರ್ಥ ಒಂದೇ: ಕಳಿಸಿದ್ದನ್ನು ಹಿಗ್ಗಿಸದೆ ತೋರಿಸು.

ಕಂಪ್ಯೂಟರಿನ ಕಡೆಯಿಂದ ಚಿತ್ರವನ್ನೇ ಕುಗ್ಗಿಸಿ ಕಳಿಸುವ ದಾರಿಯೂ ಇದೆ. ಅದು ಕೊನೆಯ ಉಪಾಯವಾಗಿರಲಿ. ಅಲ್ಲಿ ಒಮ್ಮೆ ಕುಗ್ಗಿದ ಚಿತ್ರವನ್ನು ಟಿ.ವಿ. ಮತ್ತೊಮ್ಮೆ ಹಿಗ್ಗಿಸುತ್ತದೆ. ಅಂಚು ಸಿಗುತ್ತದೆ, ಆದರೆ ಅಕ್ಷರ ಮಸುಕಾಗುತ್ತದೆ.

ಕಸೂತಿಯ ಲೆಕ್ಕ

ಮಸುಕಾಗುವುದೇಕೆ? ಕ್ರಾಸ್ ಸ್ಟಿಚ್ ಕಸೂತಿ ಹಾಕುವ ಸಹೋದರಿಯರಿಗೆ ಇದು ಥಟ್ಟನೆ ತಿಳಿಯುತ್ತದೆ. ನಕ್ಷೆಯ ಒಂದು ಚೌಕಕ್ಕೆ ಬಟ್ಟೆಯ ಒಂದು ಮನೆ ಎಂಬ ಲೆಕ್ಕವಿದ್ದರೆ ಹೂವು ನಕ್ಷೆಯಲ್ಲಿದ್ದಂತೆಯೇ ಬರುತ್ತದೆ. 1920 ಚೌಕಗಳ ನಕ್ಷೆಯನ್ನು 1366 ಮನೆಗಳಷ್ಟೇ ಇರುವ ಬಟ್ಟೆಗೆ ಇಳಿಸಬೇಕೆಂದರೆ? ಹತ್ತು ಚೌಕಗಳನ್ನು ಏಳು ಮನೆಗಳಿಗೆ ಹೊಂದಿಸಬೇಕು. ಎಲ್ಲೋ ಒಂದು ಗೆರೆ ಬಿಟ್ಟುಹೋಗುತ್ತದೆ, ಎಲ್ಲೋ ಎರಡು ಗೆರೆ ಒಂದರೊಳಗೊಂದು ಬೆರೆಯುತ್ತವೆ.

ದಾನವಾಗಿ ಬರುವ 32 ಇಂಚಿನ ಟಿ.ವಿ.ಗಳಲ್ಲಿ ಇದು ತೀರಾ ಸಾಮಾನ್ಯ. 'ಎಚ್‌ಡಿ ರೆಡಿ' ಎಂದು ಬರೆದಿರುವ ಇವುಗಳಲ್ಲಿ ಬಹುಪಾಲಿಗೆ ನಿಜವಾಗಿ ಇರುವುದು 1366 ಅಗಲ, 768 ಎತ್ತರದ ಚುಕ್ಕೆಗಳು. ಆದರೂ ಅವು 1920×1080ರ ಚಿತ್ರವನ್ನು ಒಪ್ಪಿಕೊಂಡು ಒಳಗೇ ಕುಗ್ಗಿಸಿ ತೋರಿಸುತ್ತವೆ. ಇದನ್ನು ನಂಬಿ ಕಂಪ್ಯೂಟರ್ ಸಹ ಅದರ ಮುಂದೆಯೇ Recommended ಎಂದು ಬರೆದುಬಿಡುತ್ತದೆ. ಆದ್ದರಿಂದ ಆ ಪದವನ್ನು ಕಣ್ಣುಮುಚ್ಚಿ ನಂಬಬೇಡಿ. ಟಿ.ವಿ.ಯ ಹಿಂದಿನ ಚೀಟಿಯಲ್ಲಿರುವ ಮಾಡೆಲ್ ನಂಬರ್ ಬರೆದುಕೊಂಡು ಅದರ ನಿಜವಾದ ಚುಕ್ಕೆಗಳೆಷ್ಟು ಎಂದು ತಿಳಿದುಕೊಳ್ಳಿ.

ಇಂದಿರಾನಗರದ ಮನೆಯೊಂದರಿಂದ ಅಂಥದ್ದೇ 32 ಇಂಚಿನ ಟಿ.ವಿ. ಬಂದಿದೆ ಎಂದಿಟ್ಟುಕೊಂಡು ಹಂತ ಹಂತವಾಗಿ ನೋಡೋಣ. ಕಂಪ್ಯೂಟರಿನಲ್ಲಿ ಬರಹದ ಕಿಟಕಿಯೊಂದನ್ನು ತೆರೆದು 'ಹಳ್ಳಿ, ಹಲ್ಲಿ, ದನ, ಧನ, ಕತೆ, ಕತ್ತೆ' ಎಂದು ಸಾಧಾರಣ ಗಾತ್ರದಲ್ಲಿ ಬರೆಯಿರಿ. HDMIಯಲ್ಲಿ 1920×1080 ಇರುವಾಗ 'ಧ'ದ ಹೊಟ್ಟೆಯ ಗೆರೆ ಕೆಲವು ಕಡೆ ಕಂಡು, ಕೆಲವು ಕಡೆ ಬೂದು ಕಲೆಯಂತಿರುತ್ತದೆ. ಈಗ Settings, System, Display ಎಂಬಲ್ಲಿಗೆ ಹೋಗಿ, Display resolution ಪಟ್ಟಿಯಲ್ಲಿ 1366×768 ಅಥವಾ 1360×768 ಇದೆಯೇ ನೋಡಿ. ಇದ್ದರೆ ಅದನ್ನೇ ಆರಿಸಿ. ಚುಕ್ಕೆಗೆ ಚುಕ್ಕೆ ಕೂಡಿ ಅಕ್ಷರ ಕೆತ್ತಿದಂತೆ ನಿಲ್ಲುತ್ತದೆ.

ಪಟ್ಟಿಯಲ್ಲಿ ಅದಿಲ್ಲದಿದ್ದರೆ VGA ಕಿಂಡಿಯ ನೆನಪು ಮಾಡಿಕೊಳ್ಳಿ. ಹಲವು ಟಿ.ವಿ.ಗಳು HDMIಯಲ್ಲಿ ಒಪ್ಪದ 1360×768 ಅನ್ನು VGAಯಲ್ಲಿ ಒಪ್ಪುತ್ತವೆ, ಏಕೆಂದರೆ ಆ ಕಿಂಡಿಯನ್ನು ಇಟ್ಟಿರುವುದೇ ಕಂಪ್ಯೂಟರಿಗಾಗಿ. ಹೊಸ ತಂತಿಗಿಂತ ಹಳೆಯ ತಂತಿಯಲ್ಲಿ ಅಕ್ಷರ ಚೆನ್ನಾಗಿ ಬರುವ ಸೋಜಿಗ ಇಲ್ಲಿ ನಡೆಯುತ್ತದೆ. VGAಯಲ್ಲಿ ಧ್ವನಿ ಹೋಗುವುದಿಲ್ಲವಾದ್ದರಿಂದ ಧ್ವನಿಗೆ ಬೇರೆ ಸಣ್ಣ ತಂತಿ ಬೇಕು. ಚಿತ್ರ ಪಕ್ಕಕ್ಕೆ ಸರಿದಿದ್ದರೆ ಟಿ.ವಿ.ಯ ಮೆನುವಿನಲ್ಲಿ Auto Adjust ಒತ್ತಿ. ಆ ಕಿಂಡಿಯೂ ಇಲ್ಲದಿದ್ದರೆ 1280×720 ಆರಿಸಿ, ಅದೇ ಆರು ಪದಗಳನ್ನು ಮತ್ತೆ ಓದಿ, 1920×1080ರೊಡನೆ ಹೋಲಿಸಿ. ಯಾವುದರಲ್ಲಿ ಓದಲಾಗುತ್ತದೋ ಅದೇ ಸರಿ.

ಟಿ.ವಿ.ಯ 'ಶೃಂಗಾರ' ಕಳಚಿ

ಚಿತ್ರ ಅಂಗಡಿಯಲ್ಲಿ ಕಣ್ಣು ಕುಕ್ಕಲೆಂದು ಟಿ.ವಿ. ಅದಕ್ಕೆ ಹಲವು ಶೃಂಗಾರ ಮಾಡುತ್ತದೆ. ವಸ್ತುಗಳ ಅಂಚಿಗೆ ಬಿಳಿ ಗೆರೆ ಎಳೆದು ಚುರುಕು ತೋರಿಸುವುದು ಒಂದು. ಅಕ್ಷರದ ಸುತ್ತ ಅದು ಬಿಳಿ ನೆರಳಾಗಿ ಕಾಣುತ್ತದೆ. ಮೆನುವಿನಲ್ಲಿ Sharpness ಎಂಬುದನ್ನು, ಆ ನೆರಳು ಅಳಿಯುವವರೆಗೆ ಇಳಿಸುತ್ತಾ ಬನ್ನಿ. ಅಕ್ಷರವೇ ಮಂಕಾಗತೊಡಗಿದರೆ ತುಸು ಏರಿಸಿ.

ಬಣ್ಣದಲ್ಲಿ ಜಿಪುಣತನ ಮಾಡುವುದು ಇನ್ನೊಂದು. ಕೆಲವು ಟಿ.ವಿ.ಗಳು ಬೆಳಕನ್ನು ಪ್ರತಿ ಚುಕ್ಕೆಗೂ, ಬಣ್ಣವನ್ನು ಮಾತ್ರ ಎರಡು-ನಾಲ್ಕು ಚುಕ್ಕೆಗಳಿಗೆ ಒಂದರಂತೆ ಹಂಚುತ್ತವೆ. ಸಿನಿಮಾದಲ್ಲಿ ಇದು ತಿಳಿಯುವುದಿಲ್ಲ. ನೀಲಿ ಹಿನ್ನೆಲೆಯಲ್ಲಿ ಕೆಂಪು ಅಕ್ಷರ ಬರೆದು ನೋಡಿ. ಅಂಚು ಕದಡಿದಂತಿದ್ದರೆ ಇದೇ ಕಾರಣ. ಎಲ್‌ಜಿ, ಸ್ಯಾಮ್‌ಸಂಗ್ ಟಿ.ವಿ.ಗಳಲ್ಲಿ ಇನ್‌ಪುಟ್ ಪಟ್ಟಿಗೆ ಹೋಗಿ ಆ HDMIಗೆ PC ಎಂದು ಹೆಸರಿಟ್ಟರೆ ಬಹಳಷ್ಟು ಮಾಡೆಲ್‌ಗಳು ಈ ಜಿಪುಣತನವನ್ನೂ ಶೃಂಗಾರವನ್ನೂ ಬಿಡುತ್ತವೆ. ಬರೀ ಹೆಸರು ಬದಲಿಸಿದ್ದಕ್ಕೆ ಚಿತ್ರ ಬದಲಾಗುವುದು ವಿಚಿತ್ರವೆನಿಸಬಹುದು, ಆದರೆ ಮಾಡಿ ನೋಡಿ. ಮೌಸ್ ಬಾಣ ಕೈಯ ಹಿಂದೆ ತಡವಾಗಿ ಬರುತ್ತಿದ್ದರೆ ಅದೂ ಕಡಿಮೆಯಾಗುತ್ತದೆ.

ಹಿಂದಿನ ಸಾಲಿನ ಮಗು

32 ಇಂಚಿನ ಟಿ.ವಿ.ಯ ಅಗಲ ಸುಮಾರು 71 ಸೆಂಟಿಮೀಟರ್. 1366 ಚುಕ್ಕೆಗಳಿಗೆ ಹಂಚಿದರೆ ಒಂದು ಚುಕ್ಕೆ ಸುಮಾರು ಅರ್ಧ ಮಿಲಿಮೀಟರ್. ಅಂತರಜಾಲ ಪುಟದ ಸಾಧಾರಣ ಬರಹದ ಗಾತ್ರ 16 ಚುಕ್ಕೆ. ಎಂದರೆ ಒತ್ತು, ಗುಡಿಸು ಎಲ್ಲ ಸೇರಿ 8 ಮಿಲಿಮೀಟರ್. ಮೂರು ಮೀಟರ್ ದೂರದಲ್ಲಿ ಕುಳಿತ ಮಗುವಿಗೆ ಅದರಲ್ಲಿ ಒತ್ತಕ್ಷರ ಎಲ್ಲಿ ಕಂಡೀತು? ಬ್ರೌಸರಿನಲ್ಲಿ Ctrl ಹಿಡಿದು + ಒತ್ತುತ್ತಾ 200%ಗೆ ಏರಿಸಿ. ಈಗ ಹಿಂದಿನ ಸಾಲಿನ ಮಗುವಿಗೆ ಆ ಆರು ಪದಗಳನ್ನು ಓದಲು ಹೇಳಿ. ತಡವರಿಸಿದರೆ ಇನ್ನೂ ಏರಿಸಿ, ಇಲ್ಲವೇ ಸಾಲನ್ನು ಮುಂದಕ್ಕೆ ತನ್ನಿ.

ಅಕ್ಷರ ದೊಡ್ಡದು ಮಾಡಲು ವಿಂಡೋಸಿನ Scale ಅನ್ನು 150%ಗೆ ಏರಿಸುವವರಿದ್ದಾರೆ. 768 ಸಾಲುಗಳಷ್ಟೇ ಇರುವ ಪರದೆಯಲ್ಲಿ ಹಾಗೆ ಮಾಡಿದರೆ ಕೆಲವು ಪೆಟ್ಟಿಗೆಗಳ ಕೆಳಗಿನ OK ಗುಂಡಿ ಪರದೆಯ ಹೊರಗೆ ಬೀಳುತ್ತದೆ. ಕಷ್ಟಪಟ್ಟು ಮರಳಿ ತಂದ ಅಂಚನ್ನು ಮತ್ತೆ ಕಳೆದುಕೊಂಡಂತೆ.

ಟಿ.ವಿ.ಯನ್ನು ಗೋಡೆಯ ಎತ್ತರಕ್ಕೆ ತೂಗಹಾಕುವ ಬದಲು, ಚಾಪೆಯ ಮೇಲೆ ಕೂತ ಮಕ್ಕಳ ಕಣ್ಣಿನ ಮಟ್ಟಕ್ಕೆ ಹತ್ತಿರವಾಗಿ ಗಟ್ಟಿ ಮೇಜಿನ ಮೇಲೆ ಇಡಿ. ಎದುರಿಗೆ ಕಿಟಕಿ ಇರದಿರಲಿ.

ಎಲ್ಲರೂ ನೋಡಬಾರದ್ದೂ ಇದೆ

ಇದು ಮಹಿಳೆಯರು ಮರೆಯಬಾರದ ಮಾತು. ಗ್ರಂಥಾಲಯದ ಕಂಪ್ಯೂಟರಿನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ತಂದೆಯ ಆದಾಯ, ಮೊಬೈಲ್ ನಂಬರ್ ಎಲ್ಲವನ್ನೂ ಬರೆಯಬೇಕು. ಮೂರು ಮೀಟರ್ ದೂರಕ್ಕೆ ಕಾಣುವಂತೆ ನಾವು ಸಜ್ಜುಗೊಳಿಸಿದ ಪರದೆ ಇವನ್ನೂ ಅಷ್ಟೇ ದೂರಕ್ಕೆ ಸಾರುತ್ತದೆ. ಲ್ಯಾಪ್‌ಟಾಪ್ ಅಥವಾ ಬೇರೆ ಮಾನಿಟರ್ ಇದ್ದರೆ ವಿಂಡೋಸ್ ಕೀಲಿಯ ಜೊತೆ P ಒತ್ತಿ PC screen only ಆರಿಸಿ; ಟಿ.ವಿ. ಖಾಲಿಯಾಗುತ್ತದೆ. ಪಾಠಕ್ಕೆ ಮತ್ತೆ Duplicate ಆರಿಸಿದರಾಯಿತು. ಅಲ್ಲಿಗೆ ಮರಳಿದಾಗ ರೆಸೊಲ್ಯೂಷನ್ ಬದಲಾಗಿರಬಹುದು, ಒಮ್ಮೆ ನೋಡಿಕೊಳ್ಳಿ. ಟಿ.ವಿ.ಯೊಂದೇ ಪರದೆಯಾಗಿದ್ದರೆ ಅರ್ಜಿಗೆಂದು ಬೇರೆ ಸಮಯ ಗೊತ್ತುಮಾಡಿ, ಪರದೆಯನ್ನು ಗೋಡೆಯ ಕಡೆ ತಿರುಗಿಸಿ, ಹತ್ತಿರ ಕೂತು ಅಕ್ಷರ ಚಿಕ್ಕದಾಗಿಸಿ ತುಂಬಲಿ.

ಗೋಡೆಗೆ ಅಂಟಿಸುವ ಚೀಟಿ

ನೀವು ಮರಳಿದ ಮಾರನೆಯ ದಿನವೇ ಯಾರೋ ರಿಮೋಟ್ ಒತ್ತಿ ಎಲ್ಲವನ್ನೂ ಬದಲಿಸಬಹುದು. ಆದ್ದರಿಂದ ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಟಿ.ವಿ.ಯ ಪಕ್ಕ ಅಂಟಿಸಿ. ಖಾಲಿ ಜಾಗಗಳನ್ನು ನಿಮ್ಮ ಟಿ.ವಿ.ಗೆ ತಕ್ಕಂತೆ ತುಂಬಿ.

1. ಮೊದಲು ಟಿ.ವಿ., ಆಮೇಲೆ ಕಂಪ್ಯೂಟರ್. ಇನ್‌ಪುಟ್: ........
2. ನಾಲ್ಕು ಮೂಲೆಗಳೂ ಕಾಣುತ್ತಿವೆಯೇ? ಇಲ್ಲದಿದ್ದರೆ ಟಿ.ವಿ. ಮೆನುವಿನಲ್ಲಿ: ........
3. Display resolution: ........
4. Sharpness: ........ ಇನ್‌ಪುಟ್ ಹೆಸರು: PC
5. ಬ್ರೌಸರ್ ಅಕ್ಷರ: ........% (Scale ಮುಟ್ಟಬೇಡಿ)
6. ಆಧಾರ್, ಬ್ಯಾಂಕ್ ವಿವರ ಬರೆಯುವಾಗ ಟಿ.ವಿ. ಖಾಲಿ ಇರಲಿ.
7. ಗುಡುಗು ಮಿಂಚಿನ ದಿನ ಮತ್ತು ರಾತ್ರಿ ಪ್ಲಗ್ ಕಿತ್ತಿಡಿ. ಹಿಂದಿನ ಮುಚ್ಚಳ ಬಿಚ್ಚಬೇಡಿ.

ಚೀಟಿಯ ಕೆಳಗೆ ಆ ಆರು ಪದಗಳನ್ನೂ ಬರೆದಿಡಿ. ಟಿ.ವಿ. ಸರಿಯಿದೆಯೇ ಎಂದು ತಿಳಿಯಲು ಮೇಲ್ವಿಚಾರಕರು ನಿಮ್ಮನ್ನು ಕರೆಸಬೇಕಾಗಿಲ್ಲ. ಆ ಪದಗಳನ್ನು ಪರದೆಯ ಮೇಲೆ ಬರೆದು, ಹಿಂದಿನ ಸಾಲಿನಲ್ಲಿ ಕೂತ ಎರಡನೆಯ ತರಗತಿಯ ಮಗುವಿನಿಂದ ಓದಿಸಿದರೆ ಸಾಕು.